ಜನನ ಪ್ರಮಾಣಪತ್ರ ಅಸಲಿಯಾಗಿತ್ತು, ಹುಟ್ಟಿದ ವರ್ಷ ಮಾತ್ರ ಸುಳ್ಳು

ದಾವಣಗೆರೆಯ ಒಂದು ಗರಡಿ ಮನೆಯಲ್ಲಿ ಹುಡುಗರಿಗೆ ಕುಸ್ತಿ ಕಲಿಸುತ್ತೇನೆ. ಕಳೆದ ವರ್ಷ ಒಬ್ಬ ಹುಡುಗನ ವಯಸ್ಸಿನ ದಾಖಲೆಗೆ ನಾನೇ ಜವಾಬ್ದಾರನೆಂದು ಸಹಿ ಹಾಕಿಕೊಟ್ಟೆ. ಆ ದಾಖಲೆ ಸುಳ್ಳೆಂದು ಸಾಬೀತಾಯಿತು. ಆಯ್ಕೆ ರದ್ದಾಯಿತು, ಹುಡುಗನ ಮೇಲೆ ಅಮಾನತು ಬಿತ್ತು, ಅವನಿಂದಾಗಿ ಜಾಗ ಕಳೆದುಕೊಂಡ ನನ್ನ ಅಕ್ಕನ ಮಗನಿಗೆ ಆ ವರ್ಷ ಮರಳಿ ಸಿಗಲಿಲ್ಲ. ಮಕ್ಕಳನ್ನು ಸ್ಪರ್ಧೆಗೆ ಕಳುಹಿಸುವ ಉಸ್ತಾದರೂ ಪೋಷಕರೂ ನಾನು ಮಾಡಿದ ತಪ್ಪನ್ನು ಮಾಡಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮ ದುಗ್ಗಮ್ಮನ ಜಾತ್ರೆಯ ಕುಸ್ತಿಯಲ್ಲಿ ಯಾರ ವಯಸ್ಸನ್ನೂ ಕೇಳುವುದಿಲ್ಲ. ಮೈಕಟ್ಟು, ತೂಕ ನೋಡಿ ಹಿರಿಯರು ಜೋಡಿ ಕಟ್ಟುತ್ತಾರೆ. ಹಾಗೆ ಬೆಳೆದ ನಮಗೆ ದಾಖಲೆ ಓದುವ ಅಭ್ಯಾಸವೇ ಇಲ್ಲ. ಮ್ಯಾಟ್ ಕುಸ್ತಿಯ ಲೆಕ್ಕ ಬೇರೆ. ಅಲ್ಲಿ ತಿಂಗಳು, ದಿನಾಂಕಕ್ಕಿಂತ ಹುಟ್ಟಿದ ವರ್ಷವೇ ಮುಖ್ಯ. 17ರೊಳಗಿನ ವಿಭಾಗವೆಂದರೆ ಆ ವರ್ಷ 16 ಅಥವಾ 17 ತುಂಬುವವರು. 15 ತುಂಬುವವರಿಗೆ ವೈದ್ಯರ ಪತ್ರ, ಪೋಷಕರ ಒಪ್ಪಿಗೆ ಬೇಕು. ಹಾಗಾಗಿ 2025ರಲ್ಲಿ ಅದು 2008 ಮತ್ತು 2009ರಲ್ಲಿ ಹುಟ್ಟಿದವರ ವಿಭಾಗವಾಗಿತ್ತು. ಅಕ್ಕನ ಮಗ 2008ರವನು. ಅವನಿಗೆ ಅದೇ ಕೊನೆಯ ಅವಕಾಶ.

ನಾನು ಸಹಿ ಹಾಕಿಕೊಟ್ಟ ಹುಡುಗ ಜಗಳೂರು ತಾಲ್ಲೂಕಿನ ಹಳ್ಳಿಯವನು. ಅವನ ತಂದೆ ತಂದ ಜನನ ಪ್ರಮಾಣಪತ್ರದಲ್ಲಿ 14-03-2009 ಎಂದಿತ್ತು. ಮುದ್ರೆ, ಸಹಿ, ನೋಂದಣಿ ಸಂಖ್ಯೆ ಎಲ್ಲವೂ ಸರಿಯಾಗಿದ್ದವು. ಆಧಾರ್‌ನಲ್ಲೂ ಅದೇ ದಿನಾಂಕ, ಶಾಲೆಯ ದೃಢೀಕರಣ ಪತ್ರದಲ್ಲೂ ಅದೇ ದಿನಾಂಕ. ಮೂರು ದಾಖಲೆಗಳು ಒಂದೇ ಮಾತು ಹೇಳುತ್ತಿವೆ, ಇನ್ನೇನು ಬೇಕು ಎಂದುಕೊಂಡೆ. ಗರಡಿಯ ಆಯ್ಕೆ ಕುಸ್ತಿಯಲ್ಲಿ ಅವನು ಅಕ್ಕನ ಮಗನನ್ನು ಎರಡು ನಿಮಿಷದೊಳಗೆ ಚಿತ್ ಮಾಡಿದ. ಹಿಡಿತದಲ್ಲಿದ್ದ ಬಲ ಎಳೆಯ ಹುಡುಗನದಲ್ಲ ಎಂದು ನನ್ನ ಕಣ್ಣಿಗೆ ಅನ್ನಿಸಿತ್ತು. ಕಾಗದ ನೋಡಿ ಸುಮ್ಮನಾದೆ.

ಆ ವರ್ಷ ಆಗಸ್ಟ್‌ನಲ್ಲಿ ಭಾರತ ಕುಸ್ತಿ ಫೆಡರೇಶನ್ ಸುಳ್ಳು ಜನನ ಪತ್ರಗಳ ಕಾರಣಕ್ಕೆ 11 ಮಂದಿ ಕುಸ್ತಿಪಟುಗಳನ್ನು ಅಮಾನತುಗೊಳಿಸಿದ ಸುದ್ದಿ ಬಂದಾಗ, ಬೇರೊಬ್ಬ ಹುಡುಗನ ತಂದೆ ಈ ಜಗಳೂರಿನ ಹುಡುಗನ ಮೇಲೂ ದೂರು ಕೊಟ್ಟರು. ಆಗ ನಾನು ಮೊದಲ ಬಾರಿಗೆ ಆ ಪ್ರಮಾಣಪತ್ರವನ್ನು ಪೂರ್ತಿ ಓದಿದೆ. ಜನ್ಮ ದಿನಾಂಕದ ಕೆಳಗೆ ನೋಂದಣಿ ದಿನಾಂಕ ಎಂಬ ಸಾಲಿದೆ. ಅಲ್ಲಿ 2021 ಎಂದಿತ್ತು.

ಹುಟ್ಟನ್ನು 21 ದಿನಗಳೊಳಗೆ ತಿಳಿಸಬೇಕೆಂಬುದು 1969ರ ಕಾಯ್ದೆಯ ನಿಯಮ. ಒಂದು ವರ್ಷ ಮೀರಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಆದೇಶಕ್ಕೆ ಪೋಷಕರ ಅಫಿಡವಿಟ್ ಮತ್ತು ಅವರು ಒದಗಿಸುವ ದಾಖಲೆಗಳೇ ಆಧಾರ. ಅಂದರೆ ಇವನ ಪ್ರಮಾಣಪತ್ರ ನಕಲಿಯಲ್ಲ, ಕಚೇರಿಯೇ ಕೊಟ್ಟದ್ದು. ಆದರೆ ಅದರಲ್ಲಿದ್ದ ವರ್ಷ ಹನ್ನೆರಡು ವರ್ಷಗಳ ನಂತರ ತಂದೆ ಹೇಳಿದ ಮಾತು. ಮುದ್ರೆಯನ್ನು ಎಷ್ಟು ಪರೀಕ್ಷಿಸಿದರೂ ಈ ಸುಳ್ಳು ಸಿಗುವುದಿಲ್ಲ. ಆಧಾರ್‌ನ ದಿನಾಂಕವನ್ನು ಆ ಪ್ರಮಾಣಪತ್ರ ತೋರಿಸಿಯೇ ತಿದ್ದಿಸಿದ್ದರು, ಶಾಲೆಯವರೂ ಅದನ್ನೇ ನೋಡಿ ಬರೆದುಕೊಂಡಿದ್ದರು. ನಾನು ಮೂರು ಸಾಕ್ಷಿ ಎಂದುಕೊಂಡದ್ದು ನಿಜವಾಗಿ ಒಂದೇ ಸಾಕ್ಷಿಯ ಮೂರು ನೆರಳುಗಳು.

ತಡವಾದ ನೋಂದಣಿಯೆಲ್ಲ ಮೋಸವಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಮನೆಯಲ್ಲೇ ಹೆರಿಗೆಯಾದವರು, ಗುಳೆ ಹೋದವರು ನೋಂದಣಿ ಮಾಡಿಸದೆ ಉಳಿದಿರುತ್ತಾರೆ. ಮೇಷ್ಟರು ಶಾಲೆಗೆ ಸೇರಿಸುವಾಗ ಅಂದಾಜಿನಲ್ಲಿ ಜೂನ್ 1 ಎಂದು ಬರೆದ ಮಕ್ಕಳು ನಮ್ಮ ಕಡೆ ಮನೆಗೊಬ್ಬರಿದ್ದಾರೆ. ತಡವಾದ ದಿನಾಂಕ ಕಂಡಾಗ, ಆ ಪ್ರಮಾಣಪತ್ರಕ್ಕಿಂತ ಹಿಂದೆ, ಕುಸ್ತಿಯ ಯೋಚನೆಯೇ ಇಲ್ಲದಿದ್ದಾಗ ಬರೆದಿಟ್ಟ ದಾಖಲೆಯನ್ನು ಹುಡುಕಬೇಕು.

ಅಂಥ ದಾಖಲೆ ಮೊದಲ ಶಾಲೆಯಲ್ಲಿರುತ್ತದೆ. ಪಟ್ಟಣದ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಇವನು 2021ರಲ್ಲಿ ಏಳನೇ ತರಗತಿಗೆ ಸೇರಿದ್ದ. ಹಿಂದೆ ಓದಿದ ಶಾಲೆಯ ಅಂಕಣ ಖಾಲಿಯಿತ್ತು. ಕೊರೊನಾ ಕಾಲದಲ್ಲಿ ಶಾಲೆ ಬಿಟ್ಟಿದ್ದ, ವರ್ಗಾವಣೆ ಪತ್ರ ಕಳೆದಿದೆ ಎಂದು ತಂದೆ ಹೇಳಿದ್ದರಂತೆ. ವರ್ಗಾವಣೆ ಪತ್ರವಿಲ್ಲವೆಂದು ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ, ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಶಾಲೆಯವರ ತಪ್ಪೇನೂ ಇರಲಿಲ್ಲ. ಆದರೆ ಏಳನೇ ತರಗತಿಯಲ್ಲಿ ಆರಂಭವಾಗುವ ಶಾಲಾ ಚರಿತ್ರೆಯನ್ನು ನಂಬಿದ ತಪ್ಪು ನನ್ನದು.

ಗರಡಿಯ ಇನ್ನೊಬ್ಬ ಹುಡುಗ ಅದೇ ಹಳ್ಳಿಯವನು. "ಉಸ್ತಾದರೇ, ಅವನು ನಮ್ಮ ಅಣ್ಣನ ಜೊತೆ ಒಂದನೇ ಕ್ಲಾಸಿನಿಂದ ಓದಿದವನು" ಎಂದ. ಮೊದಲ ಶಾಲೆಯ ಪುಸ್ತಕದ ದೃಢೀಕೃತ ನಕಲನ್ನು ವಿಚಾರಣೆ ನಡೆಸುವವರು ಕೇಳಿದಾಗ ತಂದೆ ಒಪ್ಪಿಗೆ ಬರೆದುಕೊಡಬೇಕಾಯಿತು. 2012ರ ಜೂನ್‌ನಲ್ಲಿ ಒಂದನೇ ತರಗತಿಗೆ ದಾಖಲು, ಜನ್ಮ ದಿನಾಂಕ 14-03-2006. ದಿನ, ತಿಂಗಳು ಅವೇ, ವರ್ಷ ಮಾತ್ರ ಬೇರೆ. ಪುಟದಲ್ಲಿ ಹಿಂದಿನ ಮತ್ತು ಮುಂದಿನ ಹೆಸರುಗಳ ಕ್ರಮಸಂಖ್ಯೆ, ಶಾಯಿ, ಕೈಬರಹ ಒಂದೇ ಹರಿವಿನಲ್ಲಿದ್ದವು. ಇದನ್ನು ನೋಡಲೇಬೇಕು, ಏಕೆಂದರೆ ಎರಡು ಸಾಲುಗಳ ನಡುವೆ ತುರುಕಿದ ಹೆಸರು, ಉಜ್ಜಿ ಬರೆದ ಅಂಕಿ ಅಲ್ಲೇ ಕಾಣುತ್ತವೆ. 2009ರಲ್ಲಿ ಹುಟ್ಟಿದ್ದರೆ ಒಂದನೇ ತರಗತಿಗೆ ಸೇರುವಾಗ ಅವನಿಗೆ ಮೂರು ವರ್ಷ ಮೂರು ತಿಂಗಳು ಆಗಿರುತ್ತಿತ್ತು.

ಹಿರಿಯ ಪೈಲ್ವಾನರ ಇನ್ನೂ ಹಳೆಯ ದಾಖಲೆ ನೋಡುವವರು ಜಿಲ್ಲೆಯ ಹೆಸರನ್ನೂ ಗಮನಿಸಿ. ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ಅದಕ್ಕೂ ಮೊದಲು ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. 1994ರಲ್ಲೇ ಕೊಟ್ಟದ್ದೆಂದು ತೋರಿಸುವ ವರ್ಗಾವಣೆ ಪತ್ರದ ಮೇಲೆ ದಾವಣಗೆರೆ ಜಿಲ್ಲೆ ಎಂಬ ಮುದ್ರೆ ಇರಲು ಸಾಧ್ಯವಿಲ್ಲ.

ತಂದೆ ಅಷ್ಟಕ್ಕೂ ಒಪ್ಪಲಿಲ್ಲ. "ಅಣ್ಣಾ, ಆಗ ಮೇಷ್ಟರು ಅಂದಾಜಿನಲ್ಲಿ ಬರೆದುಕೊಂಡರು" ಎಂದರು. ಮೂಳೆ ಪರೀಕ್ಷೆಯಾಯಿತು. ಟಿಡಬ್ಲ್ಯೂ3 ಎಂಬ ಈ ವಿಧಾನದಲ್ಲಿ ಎಡಗೈ ಮತ್ತು ಮಣಿಕಟ್ಟಿನ ಎಕ್ಸ್‌ರೇ ತೆಗೆದು, ಮೂಳೆಗಳ ತುದಿಯ ಬೆಳವಣಿಗೆಯ ಭಾಗ ಎಷ್ಟು ಬೆಸೆದಿದೆ ಎಂದು ಅಂಕ ಹಾಕುತ್ತಾರೆ. ಇವನ ಮೂಳೆಗಳು ಪೂರ್ತಿ ಬೆಸೆದಿದ್ದವು. ಆದರೆ ಗಂಡುಮಕ್ಕಳಲ್ಲಿ ಆ ಅಳತೆ ಸುಮಾರು ಹದಿನಾರೂವರೆಯ ಹೊತ್ತಿಗೇ ಮುಗಿಯುತ್ತದೆ. ಅದಾದ ಮೇಲೆ ಹದಿನೇಳೋ ಹತ್ತೊಂಬತ್ತೋ ಎಂದು ಮಣಿಕಟ್ಟು ಹೇಳಲಾರದು. ಬೇಗ ಬಲಿಯುವ ಹುಡುಗರೂ ಇರುತ್ತಾರೆ. ಎಕ್ಸ್‌ರೇ ಅನುಮಾನವನ್ನು ಗಟ್ಟಿ ಮಾಡಿತು, ತೀರ್ಪು ಕೊಡಲಿಲ್ಲ.

ತೀರ್ಪು ಕೊಟ್ಟದ್ದು ಅವನ ತಂಗಿಯ ಜನನ ಪ್ರಮಾಣಪತ್ರ. ಅವಳು ಆಸ್ಪತ್ರೆಯಲ್ಲಿ ಹುಟ್ಟಿದವಳು. ಜನನ 20-09-2009, ನೋಂದಣಿ ಆರು ದಿನಗಳ ನಂತರ. ಅವಳ ವಯಸ್ಸನ್ನು ಯಾರೂ ತಿದ್ದಿರಲಿಲ್ಲ, ತಿದ್ದುವ ಅಗತ್ಯವೂ ಇರಲಿಲ್ಲ. ಅಣ್ಣ 2009ರ ಮಾರ್ಚ್‌ನವನಾದರೆ ಒಂದೇ ತಾಯಿಗೆ ಆರು ತಿಂಗಳ ಅಂತರದಲ್ಲಿ ಇಬ್ಬರು ಮಕ್ಕಳಾಗಬೇಕು. ತಂದೆ ಆ ಎರಡು ಕಾಗದಗಳನ್ನು ಪಕ್ಕಪಕ್ಕದಲ್ಲಿ ನೋಡಿ ಬಹಳ ಹೊತ್ತು ಮಾತಾಡಲಿಲ್ಲ.

ಈಗ ನಮ್ಮ ಗರಡಿಯಲ್ಲಿ ಸಹಿ ಹಾಕುವ ಮೊದಲು ಪೋಷಕರ ಎದುರಿಗೇ ಮೂರು ವಿಷಯ ನೋಡುತ್ತೇನೆ: ನೋಂದಣಿ ದಿನಾಂಕ, ಒಂದನೇ ತರಗತಿಯ ದಾಖಲಾತಿ ಪುಟ, ಅಣ್ಣತಮ್ಮ ಅಕ್ಕತಂಗಿಯರ ಜನನ ದಿನಾಂಕ. ತೋರಿಸಲು ಇಷ್ಟವಿಲ್ಲದವರನ್ನು ಒತ್ತಾಯಿಸುವುದಿಲ್ಲ, ಸಹಿಯನ್ನೂ ಹಾಕುವುದಿಲ್ಲ. ಅನುಮಾನವನ್ನು ಊರಿನಲ್ಲಿ ಹರಡುವುದೂ ಇಲ್ಲ. ಅದು ತಪ್ಪಾಗಿದ್ದರೆ ಒಂದು ಮಗುವಿನ ಹೆಸರು ಕೆಡುತ್ತದೆ.

ಅಕ್ಕನ ಮಗ ಈ ವರ್ಷ 20ರೊಳಗಿನ ವಿಭಾಗಕ್ಕೆ ಬಂದಿದ್ದಾನೆ, ತನಗಿಂತ ಎರಡು ವರ್ಷ ದೊಡ್ಡವರ ಜೊತೆ ಕುಸ್ತಿ ಆಡಬೇಕು. ಆ ಹುಡುಗ 2006ರವನೆಂದೇ ಬಂದಿದ್ದರೆ ಅವನಿಗೂ ಅದೇ ವಿಭಾಗ ಈ ವರ್ಷದ ಕೊನೆಯವರೆಗೆ ತೆರೆದಿತ್ತು.