ಹಾಸನದಲ್ಲಿ ಎರಡು ಫ್ಲ್ಯಾಟ್, ಎರಡು ಕರಾರು

ವಿದ್ಯಾನಗರದ ಫ್ಲ್ಯಾಟ್ ಬಾಡಿಗೆ 12,000, ಮೇಂಟೆನೆನ್ಸ್ ಸೇರಿ. ಸಾಲಗಾಮೆ ರಸ್ತೆಯದು 11,000, ಮೇಂಟೆನೆನ್ಸ್ 1,500 ಬೇರೆ. ಮೊದಲನೆಯದೇ ತಿಂಗಳಿಗೆ 500 ಅಗ್ಗ, ಅಲ್ವಾ?

ಆದರೆ ಅದಕ್ಕೆ 11 ತಿಂಗಳ ಲಾಕ್-ಇನ್ ಇದೆ. ಮುಂಚೆ ಬಿಟ್ಟರೆ ಉಳಿದ ತಿಂಗಳ ಬಾಡಿಗೆಯನ್ನು ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳುತ್ತಾರೆ. ‘ಎರಡು ತಿಂಗಳ ನೋಟಿಸ್’ ಎಂಬ ಸಾಲು ಲಾಕ್-ಇನ್ ಮುಗಿದ ಮೇಲಷ್ಟೇ ಲೆಕ್ಕಕ್ಕೆ. ಏಳನೇ ತಿಂಗಳಿಗೆ ವರ್ಗವಾದರೆ ನಾಲ್ಕು ತಿಂಗಳದು, 48,000 ಹೋಯಿತು. ಎರಡನೆಯದರಲ್ಲಿ ಲಾಕ್-ಇನ್ ಇಲ್ಲ, ಒಂದು ತಿಂಗಳ ನೋಟಿಸ್ ಸಾಕು. ಏಳು ತಿಂಗಳಿಗೆ ಜಾಸ್ತಿ ಕೊಟ್ಟದ್ದು 3,500 ಮಾತ್ರ.

ಉಳಿಯುವವರಿಗೆ ಲೆಕ್ಕ ತಿರುಗುತ್ತದೆ. ಮೊದಲನೆಯದು ವರ್ಷಕ್ಕೆ 5% ಏರಿ 12,600. ಎರಡನೆಯದು 10% ಏರಿ, ಮೇಂಟೆನೆನ್ಸ್ ಸೇರಿ 13,600. ಅದೂ ಮೇಂಟೆನೆನ್ಸ್ ಏರದಿದ್ದರೆ! ವರ್ಗವಾಗುವ ಕೆಲಸದವರು ಸಾಲಗಾಮೆ ರಸ್ತೆಯದನ್ನೇ ಹಿಡಿಯಲಿ.