ಹಳೇ ರಿಜಿಸ್ಟರಿನ ಹೆಸರು ಹುಡುಕೋಕೆ ಯಾವುದು ವಾಸಿ: ಸೌಂಡೆಕ್ಸ್, ಫಜ್ಜಿ ಸರ್ಚ್, ಇಲ್ಲಾ ಕೈಪಟ್ಟಿ?

ನನ್ನ ಓಟು ಕೈಪಟ್ಟಿಗೆ, ಅಂದರೆ ಒಂದೊಂದು ಹೆಸರಿನ ಬೇರೆ ಬೇರೆ ರೂಪ ನಾವೇ ಕೈಯಾರೆ ಬರೆದಿಟ್ಟ ಪಟ್ಟಿಗೆ. ನಮ್ಮೂರ ಶಾಲೆಯ ಹಳೇ ದಾಖಲಾತಿ ರಿಜಿಸ್ಟರುಗಳನ್ನು ಕಂಪ್ಯೂಟರಿಗೆ ಏರಿಸಲು ದುಡ್ಡು ಕೊಟ್ಟು ಒಂದು ಸಾಫ್ಟ್‌ವೇರ್ ತಂದಿದ್ದೆವು. ಈಗ ಅದನ್ನು ಬಿಟ್ಟು ಬರೀ ಸ್ಪ್ರೆಡ್‌ಶೀಟಿನಲ್ಲಿ ಕೆಲಸ ಮಾಡುತ್ತಿದ್ದೇವೆ.

ಆ ಸಾಫ್ಟ್‌ವೇರಿನಲ್ಲಿದ್ದದ್ದು ಸೌಂಡೆಕ್ಸ್, ಒಂದೇ ಥರ ಕೇಳಿಸುವ ಹೆಸರುಗಳಿಗೆ ಒಂದೇ ಸಂಕೇತ ಕೊಟ್ಟು ಹುಡುಕುವ ವಿಧಾನ. ಇಂಗ್ಲಿಷಿನಲ್ಲಿ ಬರೆದ ಹೆಸರಿನ ಮೊದಲ ಅಕ್ಷರ ಉಳಿಸಿ, ಸ್ವರ ಮತ್ತು h, w, y ಬಿಟ್ಟು, ಉಳಿದದ್ದನ್ನು ಮೂರು ಅಂಕಿ ಮಾಡುತ್ತದೆ. p, v ಎರಡೂ ಒಂದೇ ಗುಂಪು. ಹಾಗಾಗಿ Basappa, Basavva ಇಬ್ಬರಿಗೂ B210. ಆದರೆ Venkatappa ಹಾಕಿದರೆ V523, Yenkatappa ಹಾಕಿದರೆ Y523. ಬೇಡದವರು ಸೇರುತ್ತಾರೆ, ಬೇಕಾದವರು ತಪ್ಪುತ್ತಾರೆ.

ಫಜ್ಜಿ ಸರ್ಚ್ ಕನ್ನಡದಲ್ಲೇ ಹುಡುಕುತ್ತದೆ, ಅದು ಒಳ್ಳೇದು. ಎಷ್ಟು ಅಕ್ಷರ, ಚಿಹ್ನೆ ಬೇರೆಯಾದರೂ ನಡೆಯುತ್ತದೆ ಅಂತ ನಾವೇ ಹೇಳಬೇಕು. 'ವೆಂಕಟಪ್ಪ'ನಿಂದ 'ಯಂಕಟಪ್ಪ'ನಿಗೆ ಎರಡು ವ್ಯತ್ಯಾಸ. 'ರಾಮಪ್ಪ'ನಿಂದ 'ರಾಮವ್ವ'ನಿಗೂ ಎರಡೇ! ಎರಡು ಅಂತ ಬಿಟ್ಟರೆ ರಾಮಪ್ಪನ ಜೊತೆ ರಾಮವ್ವನೂ ಬರುತ್ತಾಳೆ, ಒಂದು ಅಂತ ಬಿಗಿ ಮಾಡಿದರೆ ಯಂಕಟಪ್ಪ ಕಳೆದುಹೋಗುತ್ತಾನೆ.

ಆದರೆ ನಿಜವಾಗಿ ತಲೆ ತಿಂದದ್ದು ಇನಿಷಿಯಲ್ಲು. ರಿಜಿಸ್ಟರಿನಲ್ಲಿ 'ಹೆಚ್.ಟಿ. ಯಂಕಟಪ್ಪ' ಅಂತಿದೆ ಅನ್ನಿ. ಮೊಮ್ಮಗ ಬಂದು ಕೇಳುವುದು 'ತಿಮ್ಮಪ್ಪನವರ ಮಗ ವೆಂಕಟಪ್ಪ' ಅಂತ. ಇಲ್ಲಿ 'ಟಿ' ಅಂದರೆ ಇಂಗ್ಲಿಷಿನ T. ಅದು ತಿಮ್ಮಪ್ಪನೂ ಆಗಬಹುದು. ಕನ್ನಡದ ಕಣ್ಣಿಗೆ ಟ ಬೇರೆ, ತ ಬೇರೆ, ಹಾಗಾಗಿ ಯಾವ ಸರ್ಚೂ ಇವರನ್ನು ಜೋಡಿಸಲ್ಲ. 'ಸಿ' ಅಂದರೆ ಚಿಕ್ಕಣ್ಣ, 'ಜಿ' ಅಂದರೆ ಗಂಗಪ್ಪ, 'ಎಸ್' ಅಂದರೆ ಸಿದ್ದಪ್ಪನೂ ಹೌದು, ಶಿವಣ್ಣನೂ ಹೌದು. ಮೇಲಿಂದ ಒಬ್ಬ ಮೇಷ್ಟ್ರು 'ಎಂ' ಬರೆದರೆ ಇನ್ನೊಬ್ಬರು 'ಯಂ'. ಕೆಲವರು ಇಂಗ್ಲಿಷ್ ಬಿಟ್ಟು 'ತಿ.' ಅಂತಲೇ ಬರೆದಿದ್ದಾರೆ.

ಅದಕ್ಕೇ ಇನಿಷಿಯಲ್ಲಿಗೆ ಬೇರೆ ಕಾಲಮ್ಮು ಮಾಡಿದೆ. 'ಟಿ' ಇದ್ದರೆ ಅಲ್ಲಿ 'ಟ ತ', 'ಎಸ್' ಇಲ್ಲವೇ 'ಯಸ್' ಇದ್ದರೆ 'ಸ ಶ ಷ'. ಹೆಸರಿಗೆ ಇನ್ನೊಂದು ಕಾಲಮ್ಮು, ಅದರಲ್ಲಿ 'ವೆಂಕಟಪ್ಪ ಯಂಕಟಪ್ಪ ಎಂಕಟಪ್ಪ' ಮೂರೂ. ಮೊದಲು ಹೆಸರಿಗೆ ಫಿಲ್ಟರ್, ಆಮೇಲೆ 'ತ'ಕ್ಕೆ. ತಿಪ್ಪಯ್ಯನ ಮಗ ವೆಂಕಟಪ್ಪನೂ ಬರುತ್ತಾನೆ, ನಿಜ. ಆಗ ಊರು, ಹುಟ್ಟಿದ ವರ್ಷ ನೋಡಿ ಆರಿಸಬೇಕು. ರಿಜಿಸ್ಟರಿನಲ್ಲಿ ಇದ್ದದ್ದು ಇದ್ದಂತೆಯೇ ಒಂದು ಕಾಲಮ್ಮಿನಲ್ಲಿ ಇರಲೇಬೇಕು, ಅದನ್ನು ಯಾರೂ ತಿದ್ದಬಾರದು.

ಹೆಸರಿನ ಕ್ರಮದ್ದು ಸಣ್ಣ ಮಾತು. ಹಳೇ ಮೈಸೂರಲ್ಲಿ ಊರು, ಅಪ್ಪ, ಆಮೇಲೆ ಹೆಸರು. ಉತ್ತರ ಕರ್ನಾಟಕದ್ದು 'ಬಸಪ್ಪ ರಾಮಪ್ಪ ಹೂಗಾರ' ಅಂತ ಹೆಸರಿಂದ ಶುರುವಾಗುತ್ತದೆ. ಮೂರನ್ನೂ ಬೇರೆ ಕಾಲಮ್ಮಿಗೆ ಹಾಕಿದರೆ ಮುಗೀತು.

ಖರ್ಚಿಲ್ಲ, ಆದರೆ ಸಂಜೆ ಹೊತ್ತು ಕೂರಬೇಕು. ನನಗೆ ಅದು ಅಭ್ಯಾಸ. ಒಂದೇ ಶಾಲೆಯ ರಿಜಿಸ್ಟರಿಗೆ ಇದು ಸಾಕು. ಇಡೀ ತಾಲ್ಲೂಕಿನದಾದರೆ ಇದೇ ಪಟ್ಟಿ ಇಟ್ಟುಕೊಂಡು, ಪಟ್ಟಿಯಲ್ಲಿ ಸಿಗದ ಹೆಸರಿಗೆ ಮಾತ್ರ ಫಜ್ಜಿ ಸರ್ಚ್ ಬಳಸಿ.