ಪೇಯ್ಡ್ ಪೋಸ್ಟ್: ಲೇಬಲ್ ಸಾಕಾ, ಬಾಯಿಬಿಟ್ಟು ಹೇಳಬೇಕಾ?

ಬ್ರ್ಯಾಂಡ್‌ನಿಂದ ಹಣ ಪಡೆದಿದ್ದನ್ನು ತಿಳಿಸಲು ಇನ್‌ಸ್ಟಾಗ್ರಾಮ್‌ನಲ್ಲಿ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, `Paid partnership` ಲೇಬಲ್. ಇನ್ನೊಂದು, ನಿಮ್ಮದೇ ಮಾತು.

ಲೇಬಲ್ ಹಾಕುವುದು ಸುಲಭ. ಆದರೆ ಅಕ್ಷರ ಸಣ್ಣದು, ರೀಲ್ ನೋಡುವವರ ಕಣ್ಣು ನಿಮ್ಮ ಮುಖದ ಮೇಲಿರುತ್ತದೆ, ಅಲ್ವಾ? ಹಣ ಬಂತಾ, ವಸ್ತು ಮಾತ್ರ ಉಚಿತವಾಗಿ ಬಂತಾ ಅನ್ನೋದೂ ಅದರಿಂದ ಗೊತ್ತಾಗುವುದಿಲ್ಲ.

ಮಾತಿನಲ್ಲಿ ಅದೆಲ್ಲ ಹೇಳಬಹುದು. ಹೆಡ್‌ಫೋನ್ ಬಗ್ಗೆ ರೀಲ್ ಮಾಡುತ್ತಿದ್ದೀರಿ ಅಂದುಕೊಳ್ಳಿ. ಹೊಗಳಿಕೆ ಶುರುವಾಗುವ ಮೊದಲೇ ಹೇಳಿ: “ಈ ವಿಡಿಯೊಗೆ ಕಂಪನಿ ಹಣ ಕೊಟ್ಟಿದೆ. ಹೆಡ್‌ಫೋನೂ ಅವರೇ ಕಳಿಸಿದ್ದು. ಪೋಸ್ಟ್ ಮಾಡುವ ಮೊದಲು ಅವರು ವಿಡಿಯೊ ನೋಡಿದ್ದಾರೆ.” ಕೊನೆಯ ಸಾಲನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ನೋಡುಗರಿಗೆ ಜಾಸ್ತಿ ಬೇಕಾಗಿರುವುದು ಅದೇ. ಸದ್ದಿಲ್ಲದೆ ನೋಡುವವರಿಗಾಗಿ ಇದನ್ನೇ ಪರದೆಯ ಮೇಲೂ ಬರೆಯಿರಿ.

ಕ್ಯಾಪ್ಷನ್ ಕೊನೆಯಲ್ಲಿ ಸುಮ್ನೆ `#collab` ಹಾಕಿದರೆ ಸಾಲದು. `more` ಒತ್ತದವರಿಗೆ ಅದು ಕಾಣುವುದೇ ಇಲ್ಲ.

ಲೇಬಲ್ ಬಿಡುವ ಹಾಗಿಲ್ಲ, ಇನ್‌ಸ್ಟಾಗ್ರಾಮ್‌ನ ನಿಯಮವೇ ಅದನ್ನು ಕೇಳುತ್ತದೆ. ಹಾಗಾಗಿ ನನ್ನ ಆಯ್ಕೆ ಎರಡೂ. ಆದರೆ ನಂಬಿಕೆ ಉಳಿಸುವುದು ಮಾತು. ಕಾಮೆಂಟ್‌ನಲ್ಲಿ “ಇದು ಪೇಯ್ಡಾ?” ಅನ್ನೋ ಪ್ರಶ್ನೆ ಬರುತ್ತಿದ್ದರೆ, ಆ ಮಾತನ್ನು ಇನ್ನೂ ಮುಂಚೆ ಹೇಳಿ.